ಉಳಿತಾಯ 24ರಿಂದ 36 ಪರ್ಸೆಂಟ್‌ಗೆ ಏರಿದರೂ ಬೆಳವಣಿಗೆ ದರ ಬದಲಾಗಲ್ಲ ಅಂತಾರೆ, ಹೇಗೆ? (ಸೋಲೋ ಮಾಡೆಲ್ ಲೆಕ್ಕ)

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಅರ್ಥಶಾಸ್ತ್ರ ಎಂ.ಎ. ಓದ್ತಾ ಇದ್ದೇನೆ, ಜೊತೆಗೆ ಕೆ-ಸೆಟ್‌ಗೂ ತಯಾರಿ ನಡೀತಿದೆ. ಸೋಲೋ ಮಾಡೆಲ್‌ನ ಒಂದು ಲೆಕ್ಕ ಹೀಗಿದೆ.

```
y = k^(1/3)
n = 0.01,  δ = 0.05
s = 0.24 ಇದ್ದದ್ದು 0.36 ಆಗುತ್ತದೆ
```

k ಅಂದರೆ ಒಬ್ಬ ಕಾರ್ಮಿಕನಿಗೆ ಇರುವ ಬಂಡವಾಳ, y ಅವನ ಉತ್ಪನ್ನ. n ಜನಸಂಖ್ಯೆ ಏರುವ ದರ, δ ಸವಕಳಿ ದರ, s ಉಳಿತಾಯ ದರ. ಸ್ಟೆಡಿ ಸ್ಟೇಟ್‌ನಲ್ಲಿ ಹೊಸದಾಗಿ ಹೂಡಿದ್ದು ಸವಕಳಿಗೂ ಹೊಸ ಕಾರ್ಮಿಕರಿಗೂ ಸರಿಹೋಗಬೇಕು. ಅಂದರೆ 0.24·k^(1/3) = 0.06·k. ಇದರಿಂದ k^(2/3) = 4 ಬರುತ್ತೆ. ಹಾಗಾಗಿ k = 8, y = 2. ಉಳಿತಾಯ 36 ಆದಮೇಲೆ k^(2/3) = 6. ಆಗ k = 14.7, y = 2.45. ಇಲ್ಲಿವರೆಗೆ ಕಷ್ಟ ಇಲ್ಲ.

ಕೊನೆಯ ಪ್ರಶ್ನೆ ಆಯ್ಕೆಯದ್ದು. ಕೀ ಉತ್ತರ: "ದೀರ್ಘಾವಧಿ ಬೆಳವಣಿಗೆ ದರ ಬದಲಾಗುವುದಿಲ್ಲ". ಬಂಡವಾಳ 8ರಿಂದ 14.7 ಆಯ್ತು, ಹತ್ತಿರ ಹತ್ತಿರ ಎರಡು ಪಟ್ಟು. ಇದು ಬೆಳವಣಿಗೆ ಅಲ್ವಾ? ಇನ್ನೊಂದು, ಉಳಿತಾಯ ಒಂದೂವರೆ ಪಟ್ಟು ಆದರೆ ಬಂಡವಾಳ 1.84 ಪಟ್ಟು ಆಗುತ್ತೆ, ಆದಾಯ ಮಾತ್ರ 1.22 ಪಟ್ಟು. ಸೂತ್ರದಲ್ಲಿ ಬರುತ್ತೆ ಸರಿ, ಆದರೆ ಯಾಕೆ ಹೀಗೆ ಅಂತ ಯಾರಾದರೂ ಕೇಳಿದರೆ ನನಗೆ ಹೇಳೋಕೆ ಬರಲ್ಲ.

---

ಪಂಚವಾರ್ಷಿಕ

ನಾನು ಅಂಕಿಅಂಶ ಇಲಾಖೆಯಲ್ಲಿ ಇದ್ದು ನಿವೃತ್ತನಾದವನು. ಕೀ ಉತ್ತರವೇ ತಪ್ಪಿರಬೇಕು ನೋಡಮ್ಮ. ನಿನ್ನ ಲೆಕ್ಕದಲ್ಲೇ ಬಂಡವಾಳ 8, ಉತ್ಪನ್ನ 2. ಅಂದರೆ ಒಂದು ರೂಪಾಯಿ ಉತ್ಪನ್ನಕ್ಕೆ ನಾಲ್ಕು ರೂಪಾಯಿ ಬಂಡವಾಳ ಬೇಕು. 24 ಉಳಿಸಿದರೆ 24 ಭಾಗಿಸು 4, ಆರು ಪರ್ಸೆಂಟ್. 36 ಉಳಿಸಿದರೆ ಒಂಬತ್ತು ಪರ್ಸೆಂಟ್. ಸವಕಳಿ ಐದು ಕಳೆದರೆ ಮೊದಲು ಒಂದು ಪರ್ಸೆಂಟ್ ಇದ್ದ ಬೆಳವಣಿಗೆ ಈಗ ನಾಲ್ಕು ಆಗುತ್ತೆ. ಇದು ಹ್ಯಾರಡ್-ಡೋಮರ್ ಲೆಕ್ಕ. 1951ರಲ್ಲಿ ಶುರುವಾದ ಮೊದಲ ಪಂಚವಾರ್ಷಿಕ ಯೋಜನೆ ಇದೇ ತರ್ಕದ ಮೇಲೆ ನಿಂತಿತ್ತು. ದೇಶ ಜಾಸ್ತಿ ಉಳಿಸಿದರೆ ಜಾಸ್ತಿ ಬೆಳೆಯುತ್ತೆ, ಅಷ್ಟೇ.

---

ಹಳೇಮೇಷ್ಟ್ರು

ಪಂಚವಾರ್ಷಿಕ ಅವರೇ, ನಿಮ್ಮ ನಾಲ್ಕು ಪರ್ಸೆಂಟ್ ಸುಳ್ಳಲ್ಲ. ಆದರೆ ಅದು ಬಂಡವಾಳದ ಬೆಳವಣಿಗೆ, ಉತ್ಪನ್ನದ್ದಲ್ಲ. ಅದೂ ಮೊದಲ ದಿನದ ಮಟ್ಟಿಗೆ ಮಾತ್ರ.

ತುಂಗಾ, ಉಳಿತಾಯ ಏರಿದ ಮೊದಲ ವರ್ಷ ಏನಾಗುತ್ತೆ ಅಂತ ಕೈಯಲ್ಲೇ ಲೆಕ್ಕ ಹಾಕಿ. ಉತ್ಪನ್ನ ಇನ್ನೂ 2 ಇದೆ. ಅದರಲ್ಲಿ 36 ಪರ್ಸೆಂಟ್, ಅಂದರೆ 0.72 ಹೂಡಿಕೆ. ಇರುವ ಬಂಡವಾಳವನ್ನು ಹಾಗೇ ಉಳಿಸಿಕೊಳ್ಳೋಕೆ ಬೇಕಾದದ್ದು 8ರ ಆರು ಪರ್ಸೆಂಟ್, ಅಂದರೆ 0.48. ಮಿಕ್ಕಿದ್ದು 0.24. ಎಂಟಕ್ಕೆ 0.24 ಸೇರಿದರೆ ಮೂರು ಪರ್ಸೆಂಟ್. ಪಂಚವಾರ್ಷಿಕ ಅವರ ನಾಲ್ಕರಲ್ಲಿ ಜನಸಂಖ್ಯೆಯ ಒಂದು ಕಳೆದರೆ ಇದೇ ಮೂರು ಸಿಗುತ್ತೆ. ಇಬ್ಬರ ಲೆಕ್ಕವೂ ಇಲ್ಲಿ ಒಂದೇ.

ಬೇರೆಯಾಗೋದು ಮುಂದಿನ ಹೆಜ್ಜೆಯಲ್ಲಿ. k ಮೇಲೆ 1/3 ಘಾತ ಇದೆ. ಬಂಡವಾಳ ಮೂರು ಪರ್ಸೆಂಟ್ ಏರಿದರೆ ಉತ್ಪನ್ನ ಏರೋದು ಬರೀ ಒಂದು ಪರ್ಸೆಂಟ್. ಆದರೆ ಸವಕಳಿ ಮೂರು ಪರ್ಸೆಂಟ್ ಪೂರ್ತಿ ಏರುತ್ತೆ, ಅದಕ್ಕೆ ರಿಯಾಯಿತಿ ಇಲ್ಲ. ಹಾಗಾಗಿ ಎರಡನೇ ವರ್ಷ ಮಿಗೋದು 0.24 ಅಲ್ಲ, 0.233. ಪ್ರತಿ ವರ್ಷ ಇದು ಸವೆಯುತ್ತಾ ಹೋಗಿ k 14.7 ಮುಟ್ಟುವ ಹೊತ್ತಿಗೆ ಸೊನ್ನೆ.

ಹ್ಯಾರಡ್-ಡೋಮರ್‌ನಲ್ಲಿ ಆ "ನಾಲ್ಕು" ಅನ್ನೋ ಅನುಪಾತ ಅಲ್ಲಾಡಲ್ಲ. ಸೋಲೋದಲ್ಲಿ ಅಲ್ಲಾಡುತ್ತೆ, ನಾಲ್ಕರಿಂದ ಆರಕ್ಕೆ ಹೋಗುತ್ತೆ. 36 ಭಾಗಿಸು 6 ಎಷ್ಟು? ಮತ್ತೆ ಅದೇ ಆರು. ಐದು ಸವಕಳಿ, ಒಂದು ಜನಸಂಖ್ಯೆ, ಮುಗೀತು. ಉಳಿತಾಯ ಏರಿದ್ದನ್ನೆಲ್ಲ ಆ ಅನುಪಾತವೇ ನುಂಗಿಬಿಡುತ್ತೆ. ಕೀ ಉತ್ತರ ಸರಿಯಾಗಿದೆ.

---

ಮಗ್ಗದಮನೆ

ನಾನು ಓದಿದ್ದು ಪಿಯುಸಿ, ಈ ಘಾತ ಎಲ್ಲ ಗೊತ್ತಿಲ್ಲ. ಆದರೆ ನಮ್ಮದು ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್. ಮೇಷ್ಟ್ರು ಹೇಳಿದ್ದು ಓದಿ ನಮ್ಮ ಶೆಡ್ಡೇ ಕಣ್ಮುಂದೆ ಬಂತು.

ನಮ್ಮಲ್ಲಿ ಒಬ್ಬ ನೇಕಾರ ಎರಡು ಮಗ್ಗ ನೋಡ್ಕೋತಾ ಇದ್ದ. ಕೈಯಲ್ಲಿ ಸ್ವಲ್ಪ ದುಡ್ಡು ಓಡಾಡಿದಾಗ ಮೂರನೇದನ್ನೂ ಅವನಿಗೇ ವಹಿಸಿದ್ವಿ. ಸೀರೆ ಜಾಸ್ತಿ ಬಂತು ನಿಜ. ಆದರೆ ಎರಡರಿಂದ ಮೂರಾದಷ್ಟು ಬರಲಿಲ್ಲ. ಒಂದರಲ್ಲಿ ಎಳೆ ತುಂಡಾಗಿ ಅದನ್ನ ಗಂಟು ಹಾಕ್ತಾ ಕೂತರೆ ಇನ್ನೊಂದು ಸುಮ್ನೆ ನಿಂತಿರುತ್ತೆ. ರಿಪೇರಿ ಖರ್ಚು ಮಾತ್ರ ಮೂರಕ್ಕೆ ಮೂರೂ ಕೇಳುತ್ತೆ. ಪಿಕರ್ ಸವೆಯುತ್ತೆ, ಬೆಲ್ಟ್ ಹೋಗುತ್ತೆ, ಶಟಲ್ ಬದಲಾಯಿಸಬೇಕು. ಬಟ್ಟೆ ಕಮ್ಮಿ ಬಂತು ಅಂತ ಬೆಲ್ಟ್ ಏನಾದರೂ ಕಮ್ಮಿ ಸವೆಯುತ್ತಾ?

ನನ್ನ ಪ್ರಶ್ನೆ ಬೇರೆ. ನಾನು ತಿಂಗಳಿಗೆ ಸ್ವಲ್ಪ ಆರ್‌ಡಿ ಕಟ್ತೀನಿ. ಈ 24, 36 ಅನ್ನೋದು ಅದರ ಥರವಾ? ಮನೆಯವರು ಆದಾಯದಲ್ಲಿ 36 ಪರ್ಸೆಂಟ್ ಉಳಿಸಬೇಕು ಅಂತಾನಾ?

---

ಹಳೇಮೇಷ್ಟ್ರು

ಮಗ್ಗದಮನೆಯವರೇ, ಇಷ್ಟು ವರ್ಷ ಪಾಠ ಮಾಡಿದರೂ ಬೆಲ್ಟಿನ ಮಾತು ನನಗೆ ಹೊಳೆದಿರಲಿಲ್ಲ. ಬಂಡವಾಳದಿಂದ ಬರೋದು ಬಾಗುತ್ತಾ ಹೋಗುತ್ತೆ, ಸವಕಳಿ ನೇರ ಗೆರೆಯಲ್ಲಿ ಏರುತ್ತೆ. ಎರಡೂ ಎಲ್ಲಿ ಸಂಧಿಸುತ್ತೋ ಅದೇ ಸ್ಟೆಡಿ ಸ್ಟೇಟ್.

ಆರ್‌ಡಿ ವಿಷಯ: ಇಲ್ಲಿ s ಅಂದರೆ ಒಂದು ಮನೆಯ ಉಳಿತಾಯ ಅಲ್ಲ. ಮನೆಗಳು, ಕಂಪನಿಗಳು, ಸರ್ಕಾರ ಎಲ್ಲ ಸೇರಿ ದೇಶದ ಒಟ್ಟು ಉತ್ಪನ್ನದಲ್ಲಿ ಎಷ್ಟು ಭಾಗ ಯಂತ್ರ, ಕಟ್ಟಡ, ರಸ್ತೆ ಆಯ್ತು ಅನ್ನೋದು. ನಿಮ್ಮ ಆರ್‌ಡಿ ದುಡ್ಡನ್ನ ಬ್ಯಾಂಕು ಯಾರಿಗೋ ಮದುವೆ ಖರ್ಚಿಗೆ ಸಾಲ ಕೊಟ್ಟರೆ ಈ ಲೆಕ್ಕದಲ್ಲಿ k ಒಂದು ಪೈಸೆಯೂ ಏರಲ್ಲ. ನೀವು ಮೂರನೇ ಮಗ್ಗ ತಂದ್ರಲ್ಲ, ಅದು ಏರಿಸುತ್ತೆ.

---

ಎಕ್ಸೆಲ್_ಎಲ್ಲಪ್ಪ

ಆಫೀಸಲ್ಲಿ ಊಟದ ಹೊತ್ತಲ್ಲಿ ಇದನ್ನ ಶೀಟ್‌ಗೆ ಹಾಕಿದೆ. ವರ್ಷ ವರ್ಷ k ಬರೀತಾ ಹೋಗೋ ಬದಲು ಒಂದು ಸುಲಭ ದಾರಿ ಇದೆ. ಮೇಷ್ಟ್ರು ಹೇಳಿದ ಬಂಡವಾಳ-ಉತ್ಪನ್ನ ಅನುಪಾತವನ್ನೇ x ಅಂತ ಹಿಡ್ಕೊಳ್ಳಿ. ಈ ಮಾಡೆಲ್‌ನಲ್ಲಿ ಅದರ ದಾರಿ ತುಂಬಾ ಸರಳ.

```
x = 6 - 2*exp(-0.04*t)
y = x^0.5
c = 0.64*y
```

ಆ 0.04 ಎಲ್ಲಿಂದ ಬಂತು ಅಂದರೆ, 0.06ರಲ್ಲಿ ಮೂರನೇ ಎರಡು ಭಾಗ. t ವರ್ಷ. c ಅಂದರೆ ಉಳಿತಾಯ ಕಳೆದು ತಿಂದುಂಡು ಬಳಸೋಕೆ ಸಿಗೋದು.

ಬಂದ ಅಂಕಿ: ಹತ್ತು ವರ್ಷಕ್ಕೆ y 2.16. ಇಪ್ಪತ್ತಕ್ಕೆ 2.26. ಮೂವತ್ತಕ್ಕೆ 2.32. ಐವತ್ತಕ್ಕೆ 2.39. ಗುರಿ 2.45. ಮೊದಲ ಹತ್ತು ವರ್ಷ ಸರಾಸರಿ ವರ್ಷಕ್ಕೆ 0.77 ಪರ್ಸೆಂಟ್ ಬೆಳವಣಿಗೆ, ಎರಡನೇ ಹತ್ತು ವರ್ಷ 0.45. ಅಲ್ಲಿಂದ ಮುಂದೆ ಕಣ್ಣಿಗೇ ಕಾಣಲ್ಲ. ತುಂಗಾ ಅವರ ಪ್ರಶ್ನೆಗೆ ಇದೇ ಉತ್ತರ ಅನ್ಸುತ್ತೆ. 8ರಿಂದ 14.7ಕ್ಕೆ ಹೋಗೋದು ಬೆಳವಣಿಗೆನೇ, ಆದರೆ ಅದು ಒಂದು ಸಲದ ಪ್ರಯಾಣ.

ನನಗೆ ತಲೆಕೆಟ್ಟಿದ್ದು c ಕಾಲಂ ನೋಡಿ. ಉಳಿತಾಯ ಏರೋ ಮೊದಲು ಜನ ಬಳಸ್ತಾ ಇದ್ದದ್ದು 1.52. ಏರಿದ ದಿನವೇ 1.28ಕ್ಕೆ ಬೀಳುತ್ತೆ, ಅಂದರೆ 16 ಪರ್ಸೆಂಟ್ ಕಮ್ಮಿ. ವಾಪಸ್ 1.52 ಆಗೋದು ಯಾವಾಗ ಗೊತ್ತಾ? ಸುಮಾರು 43ನೇ ವರ್ಷಕ್ಕೆ! ಕೊನೆಗೆ ಸಿಗೋದು 1.57. ಮೂರು ಪರ್ಸೆಂಟ್ ಜಾಸ್ತಿ ತಿನ್ನೋಕೆ 43 ವರ್ಷ ಹೊಟ್ಟೆ ಕಟ್ಟೋದಾ? ಯಾವ ಸರ್ಕಾರ ಇದನ್ನ ಮಾಡಿ ಎಲೆಕ್ಷನ್ ಗೆಲ್ಲುತ್ತೆ?

---

ತುಂಗಾತೀರ

ಅಯ್ಯೋ, 43 ವರ್ಷವಾ! ಪುಸ್ತಕದಲ್ಲಿ ಆ ಗ್ರಾಫ್ ಅರ್ಧ ಇಂಚು ಇರುತ್ತೆ. ಕೆಳಗೆ ಜಾರಿ ಸರ್ರಂತ ಮೇಲೆ ಹೋಗೋ ಹಾಗೆ ಬರೆದಿರ್ತಾರೆ. ಅಡಿಯ ಗೆರೆಯಲ್ಲಿ "ಕಾಲ" ಅಂತ ಮಾತ್ರ ಇರುತ್ತೆ, ಎಷ್ಟು ಕಾಲ ಅಂತ ಇರಲ್ಲ.

ಒಂದು ಅನುಮಾನ. ಆಯ್ಕೆಗಳಲ್ಲಿ "ಉಳಿತಾಯ ಹೆಚ್ಚಿದರೆ ದೀರ್ಘಾವಧಿಯಲ್ಲಿ ಬಳಕೆ ಹೆಚ್ಚುತ್ತದೆ" ಅಂತಲೂ ಇತ್ತು. ನಮ್ಮ ಲೆಕ್ಕದಲ್ಲಿ 1.52 ಹೋಗಿ 1.57 ಆಗಿದೆ. ಹಾಗಿದ್ದರೆ ಅದನ್ನೂ ಸರಿ ಅನ್ನಬೇಕಲ್ವಾ?

---

ಹಳೇಮೇಷ್ಟ್ರು

ಈ ಅಂಕಿಗಳಿಗೆ ಸರಿ, ಎಲ್ಲ ಅಂಕಿಗಳಿಗೂ ಸರಿಯಲ್ಲ. ಎಲ್ಲಪ್ಪ, 36ರ ಬದಲು 33.3 ಹಾಕಿ ನೋಡಪ್ಪ. ಕೊನೆಗೆ ಸಿಗೋ c 1.571. 36ಕ್ಕೆ ಸಿಗೋದು 1.568. ಜಾಸ್ತಿ ಉಳಿಸಿ ಕಮ್ಮಿ ತಿಂದ ಹಾಗಾಯ್ತು. ವ್ಯತ್ಯಾಸ ಕೂದಲೆಳೆಯಷ್ಟು, ಆದರೆ ದಿಕ್ಕು ತಿರುಗಿದೆ. 40, 50 ಹಾಕಿದರೆ ಚೆನ್ನಾಗಿ ಕಾಣುತ್ತೆ.

ಇದನ್ನ ಸುವರ್ಣ ನಿಯಮ ಅಂತಾರೆ. 1961ರಲ್ಲಿ ಎಡ್ಮಂಡ್ ಫೆಲ್ಪ್ಸ್ ಬರೆದದ್ದು. ಈ ಉತ್ಪಾದನಾ ಸೂತ್ರದಲ್ಲಿ ಅತಿ ಹೆಚ್ಚು ಬಳಕೆ ಕೊಡೋ ಉಳಿತಾಯ ದರ ಘಾತಕ್ಕೆ ಸಮ, ಅಂದರೆ ಮೂರನೇ ಒಂದು ಭಾಗ.

ಸೂತ್ರ ಗೊತ್ತಿಲ್ಲದ ದೇಶದಲ್ಲಿ ಇದನ್ನ ಹೇಗೆ ಪತ್ತೆ ಹಚ್ಚೋದು ಅಂತ ಕೇಳಿದರೆ, ಬಂಡವಾಳದ ಮೇಲಿನ ಆದಾಯದ ದರ ನೋಡಬೇಕು. k 8 ಇದ್ದಾಗ ಇನ್ನೊಂದು ರೂಪಾಯಿ ಬಂಡವಾಳ ಹಾಕಿದರೆ 8.3 ಪೈಸೆ ಉತ್ಪನ್ನ ಬರುತ್ತೆ. ಸವಕಳಿ ಐದು ಹೋದರೆ 3.3. ಇದು ಆರ್ಥಿಕತೆಯ ಒಟ್ಟು ಬೆಳವಣಿಗೆಯ ಒಂದು ಪರ್ಸೆಂಟ್‌ಗಿಂತ ಮೇಲಿದೆ, ಹಾಗಾಗಿ ಇನ್ನೂ ಉಳಿಸಿದರೆ ಮುಂದೆ ಲಾಭ ಇದೆ. k 14.7 ಆದಾಗ ಬರೋದು 5.56. ಸವಕಳಿ ಕಳೆದರೆ 0.56. ಒಂದಕ್ಕಿಂತ ಕೆಳಗೆ. ಅಂದರೆ ಗಡಿ ದಾಟಿದ್ದೀವಿ.

ಗಡಿ ದಾಟಿದವರಿಗೆ ಒಂದು ಅನುಕೂಲ ಇದೆ. ಉಳಿತಾಯ ಕಮ್ಮಿ ಮಾಡಿದರೆ ಇವತ್ತೂ ಜಾಸ್ತಿ, ನಾಳೆಯೂ ಜಾಸ್ತಿ, ಯಾರಿಗೂ ನಷ್ಟ ಇಲ್ಲ. ಗಡಿಯ ಈಚೆ ಇರೋರಿಗೆ ಹಾಗಲ್ಲ. ಅಪ್ಪ ಕಮ್ಮಿ ತಿಂದು ಮೊಮ್ಮಗನಿಗೆ ಇಡಬೇಕು. ಹಾಗಾಗಿ "ಸುವರ್ಣ" ಅಂತ ಹೆಸರಿದೆ ಅಂತ ಎಲ್ಲರೂ ಅಲ್ಲಿಗೇ ಓಡಬೇಕು ಅಂತೇನಿಲ್ಲ. ಪರೀಕ್ಷೆಯಲ್ಲಿ ಇಲ್ಲೇ ಜನ ಎಡವೋದು.

---

ಎಕ್ಸೆಲ್_ಎಲ್ಲಪ್ಪ

50 ಹಾಕಿದೆ ಮೇಷ್ಟ್ರೇ. c ಕೊನೆಗೆ 1.44. ಶುರುವಿಗಿಂತಲೂ ಕಮ್ಮಿ! ದೇಶದಲ್ಲೆಲ್ಲ ಮಗ್ಗ, ಉಡೋಕೆ ಸೀರೆ ಇಲ್ಲ.

---

ಸೆರಂಗೂನ್_ಕನ್ನಡಿಗ

ನಾನು ಸಿಂಗಪುರದಲ್ಲಿ ಪಿಆರ್, ಅಂದರೆ ಕಾಯಂ ನಿವಾಸಿ. ನನಗೆ ಈ ಚರ್ಚೆ ಸ್ವಲ್ಪ ವಿಚಿತ್ರ ಅನಿಸ್ತು. ಇಲ್ಲಿ ನನ್ನ ಸಂಬಳದಲ್ಲಿ 20 ಪರ್ಸೆಂಟ್ ಸಿಪಿಎಫ್ ಅನ್ನೋ ಕಡ್ಡಾಯ ಉಳಿತಾಯ ನಿಧಿಗೆ ಹೋಗುತ್ತೆ, ಕಂಪನಿ 17 ಹಾಕುತ್ತೆ. 1984ರಲ್ಲಿ ಇದು 25 ಮತ್ತು 25, ಒಟ್ಟು 50 ಇತ್ತು. ಜನರಿಂದ ಕಡ್ಡಾಯವಾಗಿ ಉಳಿತಾಯ ಮಾಡಿಸಿದ ದೇಶ ಇದು. ಏನಾಯ್ತು? ಒಂದೇ ತಲೆಮಾರಿನಲ್ಲಿ ಶ್ರೀಮಂತ ಆಯ್ತು. ಮೂವತ್ತು ವರ್ಷ ಜೋರಾಗಿ ಬೆಳೀತು, 0.77, 0.45 ಅಂತ ಅಲ್ಲ. 43 ವರ್ಷ ಯಾರೂ ಹೊಟ್ಟೆ ಕಟ್ಟಲಿಲ್ಲ. ಮಾಡೆಲ್ ತಪ್ಪಾ, ಸಿಂಗಪುರ ತಪ್ಪಾ?

---

ಪಂಚವಾರ್ಷಿಕ

ನೋಡಿದ್ರಾ! ನಾನು ಹೇಳಿದ್ದೂ ಇದನ್ನೇ.

---

ಹಳೇಮೇಷ್ಟ್ರು

ತಡೀರಿ ಪಂಚವಾರ್ಷಿಕ ಅವರೇ. ಸೆರಂಗೂನ್ ಅವರು ಒಳ್ಳೇ ಪ್ರಶ್ನೆ ಎತ್ತಿದ್ದಾರೆ, ಇದರ ಮೇಲೆ ದೊಡ್ಡ ಜಗಳವೇ ನಡೆದಿದೆ.

ಸಿಂಗಪುರದಲ್ಲಿ ಹೂಡಿಕೆ ಉತ್ಪನ್ನದ ಸುಮಾರು 11 ಪರ್ಸೆಂಟ್ ಇದ್ದದ್ದು 40 ದಾಟಿತು. ನಮ್ಮ ಲೆಕ್ಕದ ಹಾಗೆ ಒಂದು ಸಲ ಹಾರಿ ನಿಂತದ್ದಲ್ಲ, ವರ್ಷ ವರ್ಷ ಏರುತ್ತಲೇ ಹೋಯ್ತು. ಪ್ರತಿ ಸಲ ಏರಿದಾಗಲೂ ಸ್ಟೆಡಿ ಸ್ಟೇಟ್ ಇನ್ನಷ್ಟು ದೂರ ಹೋಗುತ್ತೆ, ಪ್ರಯಾಣ ಮತ್ತೆ ಶುರು. ಜೊತೆಗೆ ಜನಸಂಖ್ಯೆಯಲ್ಲಿ ದುಡಿಯೋರ ಪಾಲು 27ರಿಂದ 51 ಪರ್ಸೆಂಟ್ ಆಯ್ತು. ಆಗ ತಲಾ ಆದಾಯ ಏರುತ್ತೆ, ಒಬ್ಬ ಕಾರ್ಮಿಕನ k ಏರದಿದ್ದರೂ. ಪಾಲ್ ಕ್ರುಗ್ಮನ್ 1994ರಲ್ಲಿ ಈ ಅಂಕಿಗಳನ್ನೇ ಇಟ್ಟು ಕೇಳಿದ್ದು: ಇದನ್ನ ಇನ್ನೊಂದು ಸಲ ಎರಡು ಪಟ್ಟು ಮಾಡೋಕಾಗುತ್ತಾ? ಆಗಲ್ಲ. 40 ಪರ್ಸೆಂಟ್ ಹೂಡೋ ದೇಶ 80 ಹೂಡೋಕಾಗಲ್ಲ. ಹಾಗಾಗಿ ಸಿಂಗಪುರದ ಬೆಳವಣಿಗೆಯೂ ನಿಧಾನ ಆಗಲೇಬೇಕು ಅಂತ ಕ್ರುಗ್ಮನ್ ವಾದ.

ಆ ವಾದದ ಹಿಂದೆ ಇದ್ದದ್ದು ಆಲ್ವಿನ್ ಯಂಗ್ ಅವರ ಲೆಕ್ಕ. 1966ರಿಂದ 1990ರವರೆಗೆ ಸಿಂಗಪುರದ ಬೆಳವಣಿಗೆಯಲ್ಲಿ ಬಂಡವಾಳ, ದುಡಿಮೆ ಕಳೆದು ಉಳಿದದ್ದು, ಅಂದರೆ ತಂತ್ರಜ್ಞಾನದ ಪಾಲು, ಹತ್ತಿರ ಹತ್ತಿರ ಸೊನ್ನೆ ಅಂತ ಅವರು ತೋರಿಸಿದರು. ಅದು ಮುಗಿದ ಮಾತಲ್ಲ. 2002ರಲ್ಲಿ ಚಾಂಗ್-ತಾಯ್ ಶೇ ತಿರುಗಿಸಿ ಕೇಳಿದರು. ಬರೀ ಬಂಡವಾಳ ಪೇರಿಸಿದ್ದೇ ನಿಜವಾದರೆ ಅದರ ಮೇಲಿನ ಆದಾಯ ದರ ಕುಸಿಯಬೇಕಿತ್ತಲ್ಲ? ನಮ್ಮ ಪುಟ್ಟ ಲೆಕ್ಕದಲ್ಲೇ 8.3 ಇದ್ದದ್ದು 5.6 ಆಯ್ತು. ಸಿಂಗಪುರದಲ್ಲಿ ಅಂಥ ಕುಸಿತ ಮಾರುಕಟ್ಟೆಯ ದರಗಳಲ್ಲಿ ಕಾಣಲಿಲ್ಲ ಅಂತ ಅವರು ತೋರಿಸಿದರು. ಹಾಗಿದ್ದರೆ ಬಂಡವಾಳದ ಅಂಕಿಯೇ ಉಬ್ಬಿರಬಹುದು, ತಂತ್ರಜ್ಞಾನದ ಪಾಲು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇರಬಹುದು. ನನಗೆ ಶೇ ಅವರ ವಾದ ಅರ್ಧ ಒಪ್ಪಿಗೆ. ಅವರು ಹಿಡಿದ ದರಗಳು ಎಲ್ಲ ಹೂಡಿಕೆದಾರರಿಗೂ ಅನ್ವಯಿಸುತ್ತವಾ ಅನ್ನೋ ಪ್ರಶ್ನೆ ಉಳಿದೇ ಇದೆ.

ಇನ್ನೊಂದು. ಸಿಪಿಎಫ್ ದರ ಮತ್ತು s ಒಂದೇ ಅಲ್ಲ. ಆ ದುಡ್ಡಿನಲ್ಲಿ ಜನ ಮನೆ ಕೊಳ್ತಾರೆ. ದೇಶದ ಉಳಿತಾಯದಲ್ಲಿ ಒಂದು ಪಾಲು ಹೊರದೇಶದಲ್ಲಿ ಹೂಡಿಕೆ ಆಗುತ್ತೆ. ಸೋಲೋ ಬರೆದದ್ದು ಬಾಗಿಲು ಮುಚ್ಚಿದ ಆರ್ಥಿಕತೆಗೆ. ಅಲ್ಲಿ ಉಳಿಸಿದ್ದೆಲ್ಲ ಒಳಗೇ ಯಂತ್ರ ಆಗುತ್ತೆ.

---

ಸೆರಂಗೂನ್_ಕನ್ನಡಿಗ

ಅದು ನಿಜ, ಫ್ಲ್ಯಾಟ್ ಕಂತು ಸಿಪಿಎಫ್‌ನಿಂದಲೇ ಹೋಗುತ್ತೆ. 1986ರಲ್ಲಿ ಆರ್ಥಿಕ ಹಿಂಜರಿತ ಬಂದಾಗ ಕಂಪನಿ ಕಟ್ಟೋ ಪಾಲನ್ನ 25ರಿಂದ 10ಕ್ಕೆ ಇಳಿಸಿದ್ದರು ಅಂತ ಇಲ್ಲಿನ ಹಳಬರು ಹೇಳ್ತಾರೆ. ಅದನ್ನ ಇಳಿಸಿದ್ದು ಕೂಲಿ ವೆಚ್ಚ ತಗ್ಗಿಸೋಕೆ. ಹಾಗಾಗಿ ಅದು ಬರೀ ಉಳಿತಾಯದ ಗುಂಡಿ ಅಲ್ಲ, ಒಪ್ತೀನಿ.

ಆದರೆ 43 ವರ್ಷದ ವಿಷಯ ನನಗಿನ್ನೂ ಜೀರ್ಣ ಆಗಿಲ್ಲ. ಇಲ್ಲಿ ಯಾರ ಜೀವನಮಟ್ಟವೂ ಕೆಳಗೆ ಬಿದ್ದ ನೆನಪು ಇಲ್ಲ.

---

ಕಡಲೂರಿನವಳು

ಇಷ್ಟು ಹೊತ್ತು ಓದ್ತಾ ಕೂತಿದ್ದೆ, ಈ ಒಂದಕ್ಕೆ ಬಾಯಿ ಹಾಕ್ತೀನಿ. ಎಲ್ಲಪ್ಪ ಅವರ ಲೆಕ್ಕದಲ್ಲಿ ತಂತ್ರಜ್ಞಾನದ ಬೆಳವಣಿಗೆ ಇಲ್ಲ. ಅದಕ್ಕೇ ಅಷ್ಟು ಭಯಂಕರ ಕಾಣ್ತಿರೋದು.

ಅದೇ 0.06ನ್ನ ಬೇರೆ ಥರ ಹಂಚಿ. ಜನಸಂಖ್ಯೆ 1, ತಂತ್ರಜ್ಞಾನ 2, ಸವಕಳಿ 3. ಒಟ್ಟು ಅದೇ ಆರು. ಎಲ್ಲಪ್ಪ ಅವರ x ಸೂತ್ರ ಒಂದು ಅಕ್ಷರವೂ ಬದಲಾಗಲ್ಲ. y, c ಎರಡನ್ನೂ ವರ್ಷಕ್ಕೆ ಎರಡು ಪರ್ಸೆಂಟ್‌ನಂತೆ ಏರಿಸಿಕೊಂಡು ಹೋಗಿ, ಅಷ್ಟೇ. ಈಗ ಮೊದಲ ದಿನ c 1.28ಕ್ಕೆ ಬೀಳುತ್ತೆ, ನಿಜ. ಆದರೆ ಆರನೇ ವರ್ಷ ದಾಟುವಷ್ಟರಲ್ಲಿ ಹಳೇ 1.52 ವಾಪಸ್ ಬಂದಿರುತ್ತೆ.

43 ವರ್ಷ ಎಲ್ಲಿಗೆ ಹೋಯ್ತು ಅಂದರೆ, ಅದು ಇದ್ದಲ್ಲೇ ಇದೆ. ಉಳಿತಾಯ ಏರಿಸದೆ ಇದ್ದಿದ್ದರೆ ಬಳಕೆ ಯಾವ ಗೆರೆಯಲ್ಲಿ ಹೋಗ್ತಿತ್ತೋ ಆ ಗೆರೆಯನ್ನ ಹಿಡಿಯೋಕೆ 43 ವರ್ಷ ಬೇಕು. ಜನ ಹೋಲಿಸೋದು ನಿನ್ನೆಯ ತಮ್ಮ ತಟ್ಟೆ ಜೊತೆ. ಆಗದೇ ಹೋದ ಇನ್ನೊಂದು ದಾರಿಯ ತಟ್ಟೆ ಯಾರಿಗೂ ಕಾಣಲ್ಲ. ಅಲ್ಲದೆ ಸಿಂಗಪುರದ ಹಾಗೆ s ಮೆಲ್ಲಗೆ ಏರಿದರೆ ಆ ಮೊದಲ ದಿನದ ಬೀಳುವಿಕೆಯೂ ಗೊತ್ತಾಗಲ್ಲ.

---

ಎಕ್ಸೆಲ್_ಎಲ್ಲಪ್ಪ

ಹಾಕಿ ನೋಡಿದೆ. ಆರಕ್ಕೆ 1.518, ಏಳಕ್ಕೆ 1.56. ಸರಿಯಾಗಿದೆ ಮೇಡಂ. ಎಲೆಕ್ಷನ್ ಮಾತ್ರ ಐದು ವರ್ಷಕ್ಕೇ ಬರುತ್ತೆ, ಒಂದು ವರ್ಷದಲ್ಲಿ ತಪ್ಪಿ ಹೋಯ್ತು.

---

ಮಗ್ಗದಮನೆ

ಅಲ್ಲ, ತಂತ್ರಜ್ಞಾನ ಎರಡು ಪರ್ಸೆಂಟ್ ತಾನಾಗೇ ಬರುತ್ತಾ? ನಮ್ಮಲ್ಲಿ ಹೊಸ ಥರ ಡಿಸೈನ್ ಹಾಕಬೇಕು ಅಂದರೆ ಹೊಸ ಜಕಾರ್ಡ್ ಕೊಳ್ಳಬೇಕು. ಅದೂ ಉಳಿತಾಯದ ದುಡ್ಡಲ್ಲೇ ಬರಬೇಕಲ್ವಾ? ಹಳೇ ಮಗ್ಗ ಇಟ್ಕೊಂಡು ಸುಮ್ನೆ ಕೂತರೆ ಯಾವ ತಂತ್ರಜ್ಞಾನ ಮನೆಗೆ ಬರುತ್ತೆ?

---

ಪಂಚವಾರ್ಷಿಕ

ಸರಿಯಾಗಿ ಕೇಳಿದಿರಿ! ಹೂಡಿಕೆ ಬೇರೆ, ತಂತ್ರಜ್ಞಾನ ಬೇರೆ ಅಂತ ಕಾಗದದ ಮೇಲೆ ಬೇರ್ಪಡಿಸಬಹುದು. ಶೆಡ್‌ನಲ್ಲಿ ಎರಡೂ ಒಂದೇ ಲಾರಿಯಲ್ಲಿ ಬರುತ್ತೆ. ಹಾಗಿದ್ದರೆ s ಏರಿಸಿದರೆ ಬೆಳವಣಿಗೆ ದರವೂ ಏರುತ್ತೆ ಅನ್ನೋ ನನ್ನ ಮಾತಿಗೆ ಇನ್ನೂ ಜೀವ ಇದೆ.

---

ಹಳೇಮೇಷ್ಟ್ರು

ಸೋಲೋದಲ್ಲಿ ತಂತ್ರಜ್ಞಾನ ಹೊರಗಿಂದ ಬರುತ್ತೆ, ಯಾಕೆ ಬರುತ್ತೆ ಅಂತ ಮಾಡೆಲ್ ಹೇಳಲ್ಲ. ಅದು ಅದರ ಮಿತಿ. ಅಲ್ಲಿಂದ ಮುಂದಿನ ದಾರಿ ಹಿಡಿದವರು ಎಂಬತ್ತರ ದಶಕದಲ್ಲಿ ಬೇರೆ ಮಾಡೆಲ್‌ಗಳನ್ನೇ ಕಟ್ಟಿದರು. ಆದರೂ ಹೊಸ ಜಕಾರ್ಡ್ ಒಂದು ಸಲ ಕೊಂಡರೆ ಒಂದು ಸಲ ಮೇಲಕ್ಕೆ ಹೋಗ್ತೀರಿ. ಪ್ರತಿ ವರ್ಷ ಇನ್ನೂ ಒಳ್ಳೇ ಜಕಾರ್ಡ್ ಯಾರೋ ಕಂಡುಹಿಡೀತಾ ಇರಬೇಕು, ಆಗ ಮಾತ್ರ ದರ ನಿಲ್ಲುತ್ತೆ. ಆ ಕಂಡುಹಿಡಿಯೋನಿಗೆ ನಿಮ್ಮ ಉಳಿತಾಯ ದರ ಗೊತ್ತೇ ಇರಲ್ಲ.

---

ಕಡಲೂರಿನವಳು

ಮೇಷ್ಟ್ರೇ, ಇದಕ್ಕಿಂತ ದೊಡ್ಡ ತಕರಾರು ಆ 1/3 ಮೇಲೇ ಇದೆ ಅಲ್ವಾ? ಬಂಡವಾಳ ಅಂದರೆ ಬರೀ ಮಗ್ಗ, ಕಟ್ಟಡ ಅಂತ ಹಿಡಿದರೆ 1/3 ಸರಿ, ರಾಷ್ಟ್ರೀಯ ಆದಾಯದಲ್ಲಿ ಅದರ ಪಾಲು ಸುಮಾರು ಅಷ್ಟೇ ಬರುತ್ತೆ ಅಂತಾರೆ. ಓದು, ಕಸುಬು ಕಲಿತದ್ದನ್ನೂ ಬಂಡವಾಳ ಅಂತ ಸೇರಿಸಿದರೆ? 1992ರಲ್ಲಿ ಮ್ಯಾನ್‌ಕ್ಯೂ, ರೋಮರ್, ವೈಲ್ ಮೂವರೂ ಹಾಗೆ ಮಾಡಿದರು. ಎರಡೂ ಸೇರಿ 2/3ಕ್ಕೆ ಹತ್ತಿರ ಬರುತ್ತೆ.

ಘಾತ 2/3 ಅಂತ ಹಾಕಿ, ಎರಡೂ ಬಗೆಯ ಹೂಡಿಕೆ ಒಂದೂವರೆ ಪಟ್ಟು ಆಯ್ತು ಅಂದುಕೊಳ್ಳಿ. ಆದಾಯ 1.22 ಪಟ್ಟು ಆಗಲ್ಲ, 2.25 ಪಟ್ಟು ಆಗುತ್ತೆ. ಆದರೆ ಎಲ್ಲಪ್ಪ ಅವರ 0.04 ಅರ್ಧಕ್ಕಿಳಿದು 0.02 ಆಗುತ್ತೆ. ಅಂತರದಲ್ಲಿ ಅರ್ಧ ಮುಗಿಯೋಕೆ 17 ವರ್ಷ ಬೇಕಿದ್ದದ್ದು 35 ಆಗುತ್ತೆ. ದೇಶಗಳ ಅಂಕಿ ನೋಡಿದವರಿಗೆ ಸಿಕ್ಕಿದ ವೇಗವೂ ಹತ್ತಿರ ಹತ್ತಿರ ಈ ಎರಡು ಪರ್ಸೆಂಟ್. ಹಾಗಾದರೆ ಯಾವುದು ನಿಜವಾದ ಘಾತ?

---

ತುಂಗಾತೀರ

ಹಾಗಾದರೆ ನನ್ನ ಎರಡನೇ ಪ್ರಶ್ನೆಗೆ ಉತ್ತರ ಆ ಘಾತದಲ್ಲೇ ಇದೆ. ಈಗ ಹೀಗೆ ಹೇಳ್ಕೊಳ್ತೀನಿ, ಸರಿನಾ ನೋಡಿ. ಉಳಿತಾಯ ಒಂದೂವರೆ ಪಟ್ಟು ಆದಾಗ ಮೊದಲು ಬಂಡವಾಳ-ಉತ್ಪನ್ನ ಅನುಪಾತ ಅಷ್ಟೇ ಪಟ್ಟು ಏರುತ್ತೆ, 4 ಇದ್ದದ್ದು 6. ಆದಾಯವೂ ಸ್ವಲ್ಪ ಏರಿರೋದರಿಂದ ಬಂಡವಾಳ ಅದಕ್ಕಿಂತ ಜಾಸ್ತಿ, 1.84. ಆದರೆ ಆದಾಯ ಆ ಬಂಡವಾಳದ ಘನಮೂಲ, ಹಾಗಾಗಿ ಬರೀ 1.22. ಘಾತ ದೊಡ್ಡದಾದಷ್ಟೂ ಬಂಡವಾಳದಿಂದ ಆದಾಯ, ಆದಾಯದಿಂದ ಮತ್ತೆ ಉಳಿತಾಯ, ಈ ಸುತ್ತು ಜಾಸ್ತಿ ಸಲ ತಿರುಗುತ್ತೆ. ನಿಲ್ಲೋಕೂ ಜಾಸ್ತಿ ವರ್ಷ ಬೇಕು.

---

ಹಳೇಮೇಷ್ಟ್ರು

ಸರಿ. ಹೀಗೇ ಬರೀ, ಸೂತ್ರ ಆಮೇಲೆ ಬರೀ.

ಕಡಲೂರಿನವರೇ, ಘಾತದ ವಿಷಯ ನಾನು 1/3 ಕಡೆಯವನೇ. ಓದಿನ ಖರ್ಚನ್ನ ಬಂಡವಾಳ ಅಂತ ಸೇರಿಸಿದ ಮೇಲೆ "ಉಳಿತಾಯ ದರ" ಅನ್ನೋದೂ ಬದಲಾಗುತ್ತೆ. ಮಕ್ಕಳು ಶಾಲೆಯಲ್ಲಿ ಕಳೆದ ವರ್ಷಗಳನ್ನೂ ಅದರಲ್ಲಿ ಎಣಿಸಬೇಕು. ಸರ್ಕಾರ ತೆರಿಗೆ ರಿಯಾಯಿತಿ ಕೊಟ್ಟು ಬ್ಯಾಂಕಿನ ಠೇವಣಿ ಏರಿಸಿದರೆ ಆ 2.25 ಪಟ್ಟು ಸಿಗಲ್ಲ, ಯಂತ್ರದ ಹೂಡಿಕೆ ಮಾತ್ರ ಏರುತ್ತೆ.

---

ಕಡಲೂರಿನವಳು

ಯಂತ್ರದ ಹೂಡಿಕೆ ಮಾತ್ರ ಏರಿದರೂ ಆದಾಯ ಏರಿ, ಅದರಿಂದ ಓದಿಗೂ ಜಾಸ್ತಿ ದುಡ್ಡು ಹೋಗುತ್ತಲ್ಲ ಮೇಷ್ಟ್ರೇ. ಓದಿನ ಪಾಲಿನ ದರ ಹಾಗೇ ಇಟ್ಟರೂ 1.22 ಅಲ್ಲ, 1.5 ಪಟ್ಟು ಬರುತ್ತೆ. ಲೆಕ್ಕ ಹಾಕಿ ನೋಡಿ, ರಾತ್ರಿ ಮತ್ತೆ ಬರ್ತೀನಿ.

---

ಮಗ್ಗದಮನೆ

ನೀವು ಜಗಳ ಆಡ್ತಾ ಇರಿ. ನಾನು ಮೂರನೇ ಮಗ್ಗಕ್ಕೆ ಇನ್ನೊಬ್ಬ ನೇಕಾರ ಸಿಗ್ತಾನಾ ನೋಡ್ತೀನಿ.